ಗೃಹಪ್ರವೇಶದ ಖರ್ಚು: ಎಲೆಯಿಂದ ಶುರುವಾಗುವ ಲೆಕ್ಕ

ಎಲ್ಲರಿಗೂ ನಮಸ್ಕಾರ. ಮುಂಜಿ, ನಾಮಕರಣ, ಷಷ್ಟ್ಯಬ್ದಿ ಹೀಗೆ ಮನೆಯಲ್ಲಿ ನಡೆಯುವ ಕಾರ್ಯಗಳು ಹಲವು. ಅವುಗಳಲ್ಲಿ ಗೃಹಪ್ರವೇಶವೊಂದನ್ನೇ ಇವತ್ತು ಮಾತಿಗೆ ತೆಗೆದುಕೊಂಡಿದ್ದೇನೆ. ಮಿಕ್ಕ ಕಾರ್ಯಗಳಿಗೆ ವರ್ಷ ಮೊದಲೇ ಒಂದಿಷ್ಟು ದುಡ್ಡು ಕೂಡಿಟ್ಟುಕೊಳ್ಳಬಹುದು. ಗೃಹಪ್ರವೇಶ ಬರುವುದು ಮಾತ್ರ ಇದ್ದದ್ದೆಲ್ಲ ಇಟ್ಟಿಗೆ, ಸಿಮೆಂಟು, ಮರಮುಟ್ಟಿಗೆ ಹೋಗಿ ಕೈ ಬರಿದಾದ ಹೊತ್ತಿನಲ್ಲಿ. ಬ್ಯಾಂಕಿನ ಕಂತು ಶುರುವಾಗಿರುತ್ತದೆ, ಹಳೆಯ ಮನೆಯ ಬಾಡಿಗೆ ಇನ್ನೂ ನಿಂತಿರುವುದಿಲ್ಲ, ಅಷ್ಟರಲ್ಲಿ ಐನೂರು ಜನಕ್ಕೆ ಎಲೆ ಹಾಕಬೇಕು. ಕೈಸಾಲ ಹುಟ್ಟುವುದು ಇಲ್ಲೇ.

ಈ ಕೈಸಾಲ ಎಷ್ಟು ಭಾರ ಅನ್ನುವುದನ್ನು ಮೊದಲು ನೋಡೋಣ. ನಮ್ಮ ಊರುಗಳಲ್ಲಿ ಬಡ್ಡಿಯನ್ನು ನೂರಕ್ಕೆ ತಿಂಗಳಿಗೆ ಇಷ್ಟು ರೂಪಾಯಿ ಅಂತ ಹೇಳುತ್ತಾರೆ. ‘ಮೂರು ರೂಪಾಯಿ ಬಡ್ಡಿ’ ಕೇಳಲು ಸಣ್ಣದು, ವರ್ಷದ ಲೆಕ್ಕದಲ್ಲಿ ಅದು ನೂರಕ್ಕೆ 36. ಕಾರ್ಯಕ್ಕೆಂದು 1,60,000 ತಂದರೆ ತಿಂಗಳಿಗೆ 4,800 ಬಡ್ಡಿ. ಬಡ್ಡಿ ಮಾತ್ರ ಕಟ್ಟುತ್ತಾ ಹೋದರೆ ಮೂವತ್ತನಾಲ್ಕನೇ ತಿಂಗಳ ಹೊತ್ತಿಗೆ ಅಸಲಿನಷ್ಟೇ ಹಣ ಕೊಟ್ಟಿರುತ್ತೀರಿ, ಅಸಲು ಒಂದು ರೂಪಾಯಿಯೂ ಇಳಿದಿರುವುದಿಲ್ಲ. ಈ 1,60,000ದ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ಮತ್ತೆ ಬರುತ್ತದೆ.

ಒಂದೇ ಥೈಲಿ ಮಾಡುವ ಅನಾಹುತ

ಮುಹೂರ್ತ ಗೊತ್ತಾದ ಕೂಡಲೇ ಮೇಸ್ತ್ರಿ, ಬಡಗಿ, ಪೇಂಟರ್, ಎಲೆಕ್ಟ್ರಿಷಿಯನ್ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ‘ಆ ತಾರೀಖಿಗೆ ಮುಗಿಸಿಕೊಡ್ತೀವಿ, ದುಡ್ಡು ರೆಡಿ ಇಡಿ.’ ಮನೆಯ ಕೊನೆಯ ಕೆಲಸದ ಬಾಕಿಯೂ ಕಾರ್ಯದ ಮುಂಗಡವೂ ಅದೇ ಹದಿನೈದು ದಿನಗಳಲ್ಲಿ ಒಟ್ಟಿಗೆ ಬಂದು ಬೀಳುತ್ತವೆ. ಎರಡಕ್ಕೂ ದುಡ್ಡು ಒಂದೇ ಬ್ಯಾಂಕ್ ಖಾತೆಯಿಂದ ಹೋಗುತ್ತಿದ್ದರೆ ಯಾವುದು ಎಷ್ಟು ತಿಂದಿತು ಅನ್ನುವುದು ತಿಳಿಯುವುದೇ ಇಲ್ಲ. ಅಡುಗೆಯವರಿಗೆ ಕೊಡಬೇಕಾದದ್ದು ವಾರ್ಡ್‌ರೋಬಿನ ಪ್ಲೈವುಡ್ಡಿಗೆ ಹೋಗಿರುತ್ತದೆ. ಕಾರ್ಯ ಎರಡು ದಿನ ಇದೆ ಅನ್ನುವಾಗ ಖಾತೆ ನೋಡಿದರೆ ಹಣ ಇಲ್ಲ. ಆ ಎರಡು ದಿನದಲ್ಲಿ ಸಿಗುವ ಸಾಲ ಯಾವುದು? ಅತಿ ಹೆಚ್ಚು ಬಡ್ಡಿಯದ್ದೇ.

ಆದ್ದರಿಂದ ಮುಹೂರ್ತ ಇಟ್ಟ ದಿನವೇ ಥೈಲಿ ಎರಡಾಗಬೇಕು. ಮನೆಯಲ್ಲಿ ಮತ್ತೊಬ್ಬರ ಹೆಸರಿನಲ್ಲಿ ಉಳಿತಾಯ ಖಾತೆ ಇದ್ದರೆ ಕಾರ್ಯದ ಹಣವನ್ನು ಅಲ್ಲಿಗೆ ಹಾಕಿಬಿಡಿ. ಎಷ್ಟು ಹಾಕಬೇಕು ಅನ್ನುವುದಕ್ಕೆ ಒಂದು ಉದಾಹರಣೆ ಇಟ್ಟುಕೊಂಡು ಮಾಡೋಣ. ಇಲ್ಲಿ ಹೇಳುವ ದರಗಳು ಲೆಕ್ಕದ ದಾರಿ ತೋರಿಸಲಿಕ್ಕೆ ಮಾತ್ರ. ನಿಮ್ಮ ಊರಿನ ದರ ಹಾಕಿಕೊಂಡರೆ ಅಂಕಿ ಬದಲಾದೀತು, ದಾರಿ ಬದಲಾಗುವುದಿಲ್ಲ.

30×40 ಸೈಟಿನಲ್ಲಿ ಮನೆ ಕಟ್ಟಿದ ಒಂದು ಸಂಸಾರ ಅಂದುಕೊಳ್ಳಿ. ಗಂಡ ಹೆಂಡತಿ ಇಬ್ಬರೂ ಸಂಬಳದವರು. ಬ್ಯಾಂಕಿನ ಕಂತು ತಿಂಗಳಿಗೆ 30,000. ಕೈಯಲ್ಲಿ 5,00,000 ಇದೆ, ಕಾರ್ಯಕ್ಕೆ ಮೂರು ತಿಂಗಳಿದೆ. ಈ ಐದು ಲಕ್ಷ ಕಾರ್ಯದ ಹಣ ಅಲ್ಲ. ಮೊದಲು ಮನೆ ಕೆಲಸದವರಿಗೆ ಕೊಡಬೇಕಾದ ಬಾಕಿಯನ್ನು ಒಬ್ಬೊಬ್ಬರನ್ನೂ ಕೇಳಿ ಬರೆದುಕೊಳ್ಳಬೇಕು. ಅದು 2,10,000 ಆಯಿತು ಅನ್ನೋಣ. ಉಳಿದದ್ದು 2,90,000. ಎರಡು ತಿಂಗಳ ಕಂತು 60,000 ಮುಟ್ಟದೆ ಇಡಬೇಕು, ಯಾಕೆಂದರೆ ಹೊಸ ಮನೆಗೆ ಹೋದ ಮೊದಲ ತಿಂಗಳುಗಳಲ್ಲಿ ಪರದೆ, ಗೀಸರ್, ಸೊಳ್ಳೆ ಜಾಲರಿ ಅಂತ ಸಂಬಳ ಸೋರುತ್ತದೆ. ಈಗ 2,30,000. ಮೂರು ತಿಂಗಳಲ್ಲಿ ತಿಂಗಳಿಗೆ 16,000 ಉಳಿಸಬಲ್ಲರು, ಅದು 48,000. ಒಟ್ಟು 2,78,000. ಇದರಲ್ಲಿ ಹತ್ತನೇ ಒಂದು ಪಾಲು, 28,000, ಕೈಗಂಟಾಗಿ ಪಕ್ಕಕ್ಕಿಡಿ. ಕಾರ್ಯದ ಮಿತಿ 2,50,000.

ಬಂಧುಗಳಿಂದ ಬರುವ ಮುಯ್ಯಿಯನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ ಎಂಬುದನ್ನು ಗಮನಿಸಿ. ‘ಹೇಗೂ ಒಂದು ಲಕ್ಷ ಮುಯ್ಯಿ ಬರುತ್ತೆ’ ಅನ್ನುವ ಮಾತೇ ಎಷ್ಟೋ ಮನೆಗಳ ಲೆಕ್ಕ ಕೆಡಿಸಿದೆ. ಎಷ್ಟು ಬರುತ್ತದೆಂದು ಗೊತ್ತಿಲ್ಲ, ಬರುವುದೂ ಕಾರ್ಯ ಮುಗಿದ ಮೇಲೆ, ಅದರಲ್ಲಿ ಒಂದಷ್ಟು ಬೆಳ್ಳಿ ಲೋಟ, ಗೋಡೆ ಗಡಿಯಾರಗಳಾಗಿ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮುಯ್ಯಿ ವಾಪಸು ಕೊಡಬೇಕಾದದ್ದು. ತಾರೀಖಿಲ್ಲದ ಸಾಲ ಅದು.

ಆಸೆಯ ಪಟ್ಟಿ

ಈಗ ಮಿತಿಯನ್ನು ಬದಿಗಿಟ್ಟು, ಮನೆಯವರೆಲ್ಲ ಕೂತು ಆಸೆಪಟ್ಟದ್ದನ್ನೆಲ್ಲ ಬರೆದರು ಅನ್ನೋಣ. ಹೀಗೆ ಪೂರ್ತಿ ಬರೆಯುವುದು ಒಳ್ಳೆಯದು, ಬರೆಯದೆ ಉಳಿದ ಆಸೆ ಕೊನೆಯ ವಾರ ಬಂದು ಕೂತುಕೊಳ್ಳುತ್ತದೆ. ಮಧ್ಯಾಹ್ನದ ಊಟ 500 ಎಲೆ, ಎಲೆಗೆ 260ರಂತೆ 1,30,000. ಹಿಂದಿನ ರಾತ್ರಿಯ ಊಟ, ಬೆಳಗಿನ ತಿಂಡಿ ಸೇರಿ 15,000. ಶಾಮಿಯಾನ, ಕುರ್ಚಿ, ಮೇಜು, ಲೈಟು 40,000. ಹೂವಿನ ಅಲಂಕಾರ 25,000. ಪುರೋಹಿತರ ದಕ್ಷಿಣೆ, ಹೋಮದ ಸಾಮಗ್ರಿ ಎಲ್ಲ ಸೇರಿ 35,000. ಬಟ್ಟೆ ಮತ್ತು ಉಡುಗೊರೆ 70,000. ಮನೆ ಕಟ್ಟಿದವರಿಗೆ ಮರ್ಯಾದೆ 15,000. ತಾಂಬೂಲದ ಚೀಲ 15,000. ಕಾರ್ಡು ಮತ್ತು ಕರೆಯಲು ಓಡಾಟ 20,000. ಫೋಟೋ, ವೀಡಿಯೊ 30,000. ನೀರು, ಪಾತ್ರೆ, ಸಾಗಾಟ, ಸ್ವಚ್ಛತೆ 15,000. ಒಟ್ಟು 4,10,000. ಮಿತಿಗಿಂತ 1,60,000 ಹೆಚ್ಚು. ಆಗ ನೆನಪಿಡಿ ಅಂದ ಕೈಸಾಲದ ಅಂಕಿ ಇದೇ.

ಈ ಪಟ್ಟಿಯಲ್ಲಿ ಎರಡು ಸಂಗತಿ ಕಾಣಬೇಕು. ಒಂದು, ಗೃಹಪ್ರವೇಶ ಎಂದರೆ ಶಾಸ್ತ್ರದಲ್ಲಿ ಏನೋ ಅದು, ಅಂದರೆ ವಾಸ್ತು ಹೋಮ, ರಾಕ್ಷೋಘ್ನ ಹೋಮ, ಗೋಪೂಜೆ, ಹಾಲು ಉಕ್ಕಿಸುವುದು, ಗಣಪತಿ ಹೋಮ, ಸತ್ಯನಾರಾಯಣ ಪೂಜೆ ಎಲ್ಲ ಸೇರಿ 35,000. ನೂರಕ್ಕೆ ಒಂಬತ್ತೂ ಇಲ್ಲ. ದುಡ್ಡು ಸಾಲದು ಅಂದಾಗ ಮೊದಲು ಮಾತು ಬರುವುದು ‘ಪುರೋಹಿತರ ಹತ್ತಿರ ಒಂದು ಐದು ಸಾವಿರ ಕಡಿಮೆ ಮಾಡಿಸೋಣ’ ಅಂತ. ಸಾಲ ಅಲ್ಲಿಂದ ಬಂದದ್ದಲ್ಲ, ಅಲ್ಲಿ ಕತ್ತರಿಸಿದರೆ ತೀರುವುದೂ ಇಲ್ಲ.

ಎರಡನೆಯದು, ಎಲೆಯ ಬೆಲೆ 260 ಅಲ್ಲ. ಉಣ್ಣುವವರಿಗೆ ಕುರ್ಚಿ ಬೇಕು, ನೆರಳು ಬೇಕು, ಹೋಗುವಾಗ ತಾಂಬೂಲ ಬೇಕು, ಅವರನ್ನು ಕರೆಯಲು ಕಾರ್ಡು, ಪೆಟ್ರೋಲು ಬೇಕು. ಊಟ, ಶಾಮಿಯಾನ, ತಾಂಬೂಲ, ಕರೆಯುವ ಖರ್ಚು ಇವಿಷ್ಟನ್ನು ಕೂಡಿಸಿ 500ರಿಂದ ಭಾಗಿಸಿ: ಒಂದು ಎಲೆಗೆ 410 ರೂಪಾಯಿ. ಊಟದ ಪಟ್ಟಿಯಿಂದ ಒಂದು ಪಲ್ಯ ತೆಗೆದರೆ ಎಲೆಗೆ ಹತ್ತು ಹನ್ನೆರಡು ರೂಪಾಯಿ ಉಳಿದೀತು. ಒಂದು ಎಲೆ ಕಡಿಮೆಯಾದರೆ ನಾನೂರು ಉಳಿಯುತ್ತದೆ. ಹಾಗಾಗಿ ಉಳಿತಾಯದ ಕೆಲಸ ಶುರುವಾಗಬೇಕಾದದ್ದು ಅಡುಗೆಮನೆಯಲ್ಲಿ ಅಲ್ಲ, ಕರೆಯುವವರ ಪಟ್ಟಿಯಲ್ಲಿ.

ಪಟ್ಟಿ ಇಳಿಸುವ ಬಗೆ

ಕರೆಯುವವರ ಪಟ್ಟಿಯನ್ನು ನಾವು ಮನೆ ಲೆಕ್ಕದಲ್ಲಿ ಬರೆಯುತ್ತೇವೆ: ದೊಡ್ಡಮ್ಮನ ಮನೆ, ಹಾಸನದ ಮಾವನ ಮನೆ, ಆಫೀಸಿನವರು. ‘ಸಕುಟುಂಬ’ ಅನ್ನುವ ಒಂದು ಪದದಲ್ಲಿ ಇಬ್ಬರೂ ಇರಬಹುದು, ಏಳು ಜನರೂ ಇರಬಹುದು. ಪ್ರತಿ ಮನೆಯ ಮುಂದೆ ಎಷ್ಟು ಎಲೆ ಎಂದು ಬರೆಯಿರಿ. ಆಮೇಲೆ ಹೆಸರುಗಳನ್ನು ಮೂರು ಬಣ್ಣದಲ್ಲಿ ಗುರುತಿಸಿ. ಅವರು ಬರದೆ ಹಾಲು ಉಕ್ಕಿಸಲು ಮನಸ್ಸಾಗದವರು ಒಂದು ಬಣ್ಣ. ಅವರ ಮನೆಯ ಕಾರ್ಯದಲ್ಲಿ ನಾವು ಉಂಡು ಬಂದವರು ಇನ್ನೊಂದು ಬಣ್ಣ. ಕರೆಯದಿದ್ದರೆ ಏನಂದುಕೊಂಡಾರು ಎಂಬ ಕಾರಣಕ್ಕೆ ಮಾತ್ರ ಪಟ್ಟಿಗೆ ಬಂದವರು ಮೂರನೆಯ ಬಣ್ಣ. ಈ ಮೂರನೆಯ ಬಣ್ಣದಲ್ಲಿ ಸಾಮಾನ್ಯವಾಗಿ ಕಾಣುವುದು ಆಫೀಸಿನವರು, ಹಳೆಯ ಬಾಡಿಗೆ ಮನೆಯ ಬೀದಿಯವರು, ವಾಕಿಂಗ್ ಗೆಳೆಯರು.

ಇವರನ್ನು ಬಿಡಬೇಕಾಗಿಲ್ಲ, ಹೊತ್ತು ಬದಲಿಸಿದರೆ ಸಾಕು. ಸಂಜೆ ಐದರಿಂದ ಏಳರವರೆಗೆ ಅರಿಶಿನ ಕುಂಕುಮಕ್ಕೆ ಬನ್ನಿ, ಮನೆ ನೋಡಿದ ಹಾಗೂ ಆಗುತ್ತದೆ ಎಂದು ಕರೆಯಿರಿ. ಒಂದು ಸಿಹಿ, ಒಂದು ಖಾರ, ಕಾಫಿ. ತಲೆಗೆ 70 ರೂಪಾಯಿಯಲ್ಲಿ ಆಗುತ್ತದೆ. ಮಧ್ಯಾಹ್ನದ ಗದ್ದಲದಲ್ಲಿ ಮುಖ ನೋಡಿ ಮಾತಾಡಿಸಲೂ ಆಗದವರನ್ನು ಸಂಜೆ ಕೂರಿಸಿ ಮಾತಾಡಿಸಬಹುದು. ನಮ್ಮ ಉದಾಹರಣೆಯಲ್ಲಿ ಮಧ್ಯಾಹ್ನ 300 ಎಲೆ, ಸಂಜೆ 100 ಜನ. 500ರಲ್ಲಿ ನಿಜವಾಗಿ ಕೈಬಿಟ್ಟದ್ದು ನೂರು ಜನರನ್ನು ಮಾತ್ರ. ಇಷ್ಟಕ್ಕೇ 45,000 ಇಳಿಯಿತು.

ಶಾಮಿಯಾನದವರು ‘ಎಷ್ಟು ಜನ ಸಾರ್?’ ಅಂತ ಕೇಳುತ್ತಾರೆ. ಕೊಡಬೇಕಾದ ಉತ್ತರ ಒಟ್ಟು ಜನದ ಸಂಖ್ಯೆ ಅಲ್ಲ, ಒಂದು ಪಂಕ್ತಿಯ ಸಂಖ್ಯೆ. 300 ಜನಕ್ಕೆ 100 ಜನ ಕೂರುವ ಮೇಜು ಸಾಕು. ಬಾಳೆ ಎಲೆ ಊಟದ ಒಂದು ಪಂಕ್ತಿಗೆ ಮೇಜು ಒರೆಸುವುದೂ ಸೇರಿ ನಲವತ್ತೈದು, ಐವತ್ತು ನಿಮಿಷ. ಹನ್ನೆರಡೂವರೆಗೆ ಮೊದಲ ಪಂಕ್ತಿ ಕೂತರೆ ಮೂರು ಗಂಟೆಗೆ ಮೂರನೆಯದು ಏಳುತ್ತದೆ. ಇಲ್ಲಿ ಎಡವುವುದು ಪೂರ್ಣಾಹುತಿ ತಡವಾದಾಗ. ಹೋಮ ಒಂದೂವರೆಗೆ ಮುಗಿದರೆ ಮುನ್ನೂರು ಜನರೂ ಒಟ್ಟಿಗೆ ಎದ್ದು ಊಟದ ಕಡೆ ಹೋಗುತ್ತಾರೆ. ಆದ್ದರಿಂದ ಪೂರ್ಣಾಹುತಿ ಎಷ್ಟು ಹೊತ್ತಿಗೆ ಎಂದು ಪುರೋಹಿತರನ್ನು ಮೊದಲೇ ಕೇಳಿ, ಆ ಹೊತ್ತನ್ನು ಅಡುಗೆಯವರಿಗೂ ಹೇಳಿ. ಶಾಮಿಯಾನ 26,000ಕ್ಕೆ ಬಂತು, 14,000 ಇಳಿಯಿತು. ವೈಶಾಖದಲ್ಲಿ ಮುಹೂರ್ತವಿದ್ದರೆ ಮಾತ್ರ ಬಟ್ಟೆಯ ಶಾಮಿಯಾನ ಬೇಡ, ಮಳೆ ನೀರು ಇಳಿಯದ ಚಾವಣಿಯನ್ನೇ ಹಾಕಿಸಿ. ಮುಂಗಾರಿಗೆ ಮೊದಲಿನ ಒಂದು ಸಂಜೆ ಮಳೆ ಬಂದರೆ ಬಟ್ಟೆಯಲ್ಲಿ ನೀರು ತುಂಬಿ ಗೂಟ ಸಮೇತ ಕುಸಿಯುತ್ತದೆ, ಹಿಂದಿನ ರಾತ್ರಿಯೇ ತಂದಿಟ್ಟ ದಿನಸಿ ನೆನೆಯುತ್ತದೆ.

ಅಡುಗೆಯವರ ಜೊತೆ ಮಾತು

ಅಡುಗೆಯನ್ನು ಎರಡು ರೀತಿ ವಹಿಸುತ್ತಾರೆ. ಒಂದು, ಎಲೆ ಲೆಕ್ಕದ ಗುತ್ತಿಗೆ. ಇನ್ನೊಂದು, ದಿನಸಿ ತರಕಾರಿ ನಮ್ಮದು, ಅಡುಗೆಯವರಿಗೆ ಕೂಲಿ ಮಾತ್ರ. ನೂರೈವತ್ತು ಎಲೆಯೊಳಗಿನ ಕಾರ್ಯಕ್ಕೆ, ಮಾರುಕಟ್ಟೆ ಬಲ್ಲವರೊಬ್ಬರು ಮನೆಯಲ್ಲಿದ್ದರೆ, ಎರಡನೆಯದು ಅಗ್ಗ. ಅದಕ್ಕಿಂತ ದೊಡ್ಡದಾದರೆ ಪಾತ್ರೆ ಬಾಡಿಗೆ, ಗ್ಯಾಸು, ಸಾಗಾಟ, ತರಕಾರಿ ಹೆಚ್ಚುವವರು, ಬಡಿಸುವವರು ಎಂದು ಖರ್ಚು ಹತ್ತು ಕಡೆ ಹರಡಿ ಕೈಮೀರುತ್ತದೆ. ನಮ್ಮದೇ ದಿನಸಿಯಾದರೆ ಅಡುಗೆಯವರು ಕೊಟ್ಟ ಪಟ್ಟಿಯನ್ನು ಅಳೆದು ನೋಡಲು ಸ್ಥೂಲವಾದ ಒಂದು ಅಳತೆ ಇದೆ: ನೂರು ಎಲೆಗೆ ಅಕ್ಕಿ ಹತ್ತು ಕೆಜಿ, ಹುಳಿ ಸಾರಿಗೆ ತೊಗರಿಬೇಳೆ ಮೂರರಿಂದ ಮೂರೂವರೆ ಕೆಜಿ, ಬಡಿಸಲು ತುಪ್ಪ ಒಂದು ಕೆಜಿಯ ಆಸುಪಾಸು. ಒಂದು ಕೆಜಿ ಬೇಳೆ, ಒಂದು ಕೆಜಿ ಬೆಲ್ಲದ ಹೂರಣದಲ್ಲಿ ಸುಮಾರು ನಲವತ್ತು ಹೋಳಿಗೆ ಆಗುತ್ತದೆ. ಬಿಸಿಬೇಳೆಬಾತೋ ಪುಳಿಯೋಗರೆಯೋ ಇದ್ದರೆ ಬಿಳಿ ಅನ್ನ ಅಷ್ಟು ಹೋಗುವುದಿಲ್ಲ, ಅಕ್ಕಿಯನ್ನು ಇನ್ನೂ ಇಳಿಸಬಹುದು. ಪಟ್ಟಿಯ ಅಂಕಿ ಇದರ ಒಂದೂವರೆ ಪಟ್ಟು ಇದ್ದರೆ ಯಾಕೆ ಎಂದು ವಿನಯದಿಂದ ಕೇಳಿ. ಕೆಲವೊಮ್ಮೆ ಸರಿಯಾದ ಕಾರಣ ಇರುತ್ತದೆ.

ಎಲೆ ಲೆಕ್ಕದಲ್ಲಿ ಜಗಳ ಬರುವುದು ಎಲೆ ಎಷ್ಟು ಎಂಬುದರಲ್ಲೇ. ಕಾರ್ಯ ಮುಗಿದ ಮೇಲೆ ಅವರು 360 ಅನ್ನುತ್ತಾರೆ, ನಾವು 310 ಅನ್ನುತ್ತೇವೆ, ಎಣಿಸಿದವರು ಯಾರೂ ಇಲ್ಲ. ಇದಕ್ಕೆ ದಾರಿ ಬಹಳ ಸರಳ. ಬಾಳೆ ಎಲೆಯ ಕಟ್ಟುಗಳನ್ನು ಬೆಳಿಗ್ಗೆ ಎದುರಿಗೇ ಎಣಿಸಿ ಬರೆದಿಡಿ, ಸಂಜೆ ಉಳಿದದ್ದನ್ನು ಎಣಿಸಿ ಕಳೆಯಿರಿ. ಹರಿದು ಬಿಸಾಡಿದ ಎಲೆಗೆ ಇಷ್ಟು ಎಂದು ಮೊದಲೇ ಮಾತಾಡಿಕೊಂಡಿರಬೇಕು. ಕನಿಷ್ಠ ಸಂಖ್ಯೆಯನ್ನು ನಿರೀಕ್ಷೆಗಿಂತ ನೂರಕ್ಕೆ ಹತ್ತು ಕಡಿಮೆ ಇಟ್ಟುಕೊಳ್ಳಿ. 300 ಜನ ಬರುತ್ತಾರೆ ಎಂದಾದರೆ 270ಕ್ಕೆ ಖಾತ್ರಿ ಕೊಡಿ, 330ರವರೆಗೆ ಅದೇ ದರದಲ್ಲಿ ಬಡಿಸಬೇಕು ಎಂದು ಬರೆಸಿಕೊಳ್ಳಿ. ಅಂತಿಮ ಸಂಖ್ಯೆ ಮೂರು ದಿನ ಮೊದಲು ಹೇಳುತ್ತೀರಿ ಎಂದೂ ಇರಲಿ. ಬಡಿಸುವವರು, ಗ್ಯಾಸು, ನೀರು, ಎಲೆ ಎತ್ತುವವರು, ಸಾಗಾಟ, ಜಿಎಸ್‌ಟಿ ಇವು ದರದೊಳಗೋ ಹೊರಗೋ ಎಂದು ಒಂದೊಂದನ್ನೂ ಕೇಳಿ ವಾಟ್ಸಾಪಿನಲ್ಲಾದರೂ ಬರೆದು ಕಳಿಸಿ. ಬಾಯಿಮಾತಿನಲ್ಲಿ 230 ಆದದ್ದು ಕೊನೆಗೆ 275 ಆಗುವುದು ಹೀಗೆ ಹೊರಗುಳಿದ ಬಾಬತ್ತುಗಳಿಂದ.

ಪಟ್ಟಿಯಲ್ಲಿ ಏನು ತೆಗೆಯಬೇಕು? ಎರಡು ಸಿಹಿ, ಪಾಯಸ, ಜೊತೆಗೆ ಐಸ್‌ಕ್ರೀಮು, ಬೀಡ ಇದ್ದರೆ ಎರಡನೆಯ ಸಿಹಿ ಮತ್ತು ಐಸ್‌ಕ್ರೀಮು ತೆಗೆಯಿರಿ. ಎಲೆ ಎತ್ತುವಾಗ ನೋಡಿದರೆ ಹೆಚ್ಚಾಗಿ ಅರ್ಧ ಉಳಿದಿರುವುದು ಎರಡನೆಯ ಸಿಹಿಯೇ. ಕೋಸಂಬರಿ, ಪಲ್ಯ, ತೊವ್ವೆ, ಹುಳಿ, ಮಜ್ಜಿಗೆ ಇವನ್ನು ಮುಟ್ಟಬೇಡಿ, ಊಟ ಎನಿಸಿಕೊಳ್ಳುವುದು ಅದೇ. ಎಲೆಗೆ 30 ಇಳಿಯಿತು, 300 ಎಲೆಗೆ 9,000.

ಉಡುಗೊರೆ

ಹಣದಲ್ಲಿ ಅಲ್ಲ, ಮನಸ್ಸಿನಲ್ಲಿ ಕಷ್ಟವಾದ ಬಾಬತ್ತು ಇದು. ಮನೆಯ ಹೆಣ್ಣುಮಕ್ಕಳಿಗೆ ಸೀರೆ, ಅಳಿಯಂದಿರಿಗೆ ಪಂಚೆ ಶಲ್ಯ, ತವರಿನವರಿಗೆ, ಬೀಗರಿಗೆ ಎಂದು ಪಟ್ಟಿ ಬೆಳೆಯುತ್ತದೆ. ಇಲ್ಲಿ ಆಗುವ ತಪ್ಪೆಂದರೆ ಒಬ್ಬೊಬ್ಬರನ್ನು ನೋಡಿ ಕಡಿಮೆ ಮಾಡುವುದು. ದೊಡ್ಡ ನಾದಿನಿಗೆ ರೇಷ್ಮೆ, ಚಿಕ್ಕವಳಿಗೆ ಕಾಟನ್ ಅಂದರೆ ಉಳಿದ ಸಾವಿರ ರೂಪಾಯಿಗೆ ಹತ್ತು ವರ್ಷದ ಮುನಿಸು ಬರುತ್ತದೆ. ಸಾಲಿನ ಪ್ರಕಾರ ಇಳಿಸಬೇಕು: ಮನೆಯ ಹೆಣ್ಣುಮಕ್ಕಳೆಲ್ಲರಿಗೂ ಒಂದೇ ದರದ ಕೈಮಗ್ಗದ ಸೀರೆ, ಮಿಕ್ಕ ಸಾಲಿನ ಎಲ್ಲ ಮುತ್ತೈದೆಯರಿಗೂ ರವಿಕೆ ಕಣ, ತೆಂಗಿನಕಾಯಿ. ಹೆಣ್ಣುಮಕ್ಕಳಿಗೆ ಮಡಿಲಕ್ಕಿ ತಪ್ಪದೆ ತುಂಬಿ. ಅದಕ್ಕೆ ಬೇಕಾದ ಅಕ್ಕಿ, ಬೆಲ್ಲ, ಕೊಬ್ಬರಿಯ ಬೆಲೆ ಅಲ್ಪ, ಅದು ತಪ್ಪಿದರೆ ಆಗುವ ನೋವು ದೊಡ್ಡದು.

‘ಈ ಸಲ ಪರಸ್ಪರ ಬಟ್ಟೆ ಬೇಡ’ ಎಂದು ತೀರ್ಮಾನಿಸುವುದಾದರೆ ಆ ಮಾತನ್ನು ಮನೆ ಕಟ್ಟಿದವರು ಆಡಬಾರದು. ಅಜ್ಜಿಯೋ ದೊಡ್ಡಪ್ಪನೋ ಎರಡು ತಿಂಗಳು ಮೊದಲೇ ಎಲ್ಲ ಮನೆಗೂ ಒಂದೇ ಮಾತಿನಲ್ಲಿ ತಿಳಿಸಬೇಕು. ಅಷ್ಟರಲ್ಲಿ ಅವರು ನಿಮಗೆಂದು ಸೀರೆ ಕೊಂಡುಬಿಟ್ಟಿದ್ದರೆ ನೀವೂ ಕೊಡಲೇಬೇಕಾಗುತ್ತದೆ. ನಮ್ಮ ಲೆಕ್ಕದಲ್ಲಿ ಮನೆಯವರ ಬಟ್ಟೆಯೂ ಸೇರಿ 70,000 ಇದ್ದದ್ದು 33,000ಕ್ಕೆ ಬಂತು. ಇಳಿದದ್ದು 37,000.

ಉಳಿದವು ಬೇಗ ಮುಗಿಯುತ್ತವೆ. ಹೂವಿನ ಸ್ಟೇಜು, ಥರ್ಮೋಕೋಲ್ ಮಂಟಪ ಬಿಟ್ಟು ಮಾವಿನ ತೋರಣ, ಬಾಳೆಕಂಬ, ಮಾರು ಲೆಕ್ಕದ ಸೇವಂತಿಗೆ ಹಾಕಿದರೆ 10,000 ಸಾಕು, 15,000 ಇಳಿಯಿತು. ತಾಂಬೂಲವನ್ನು ತಲೆಗೊಂದರಂತೆ ಅಲ್ಲದೆ ಮನೆಗೊಂದರಂತೆ ಕೊಟ್ಟರೆ 8,000 ಇಳಿಯುತ್ತದೆ. ಹಿರಿಯರಿಗೆ ಅಕ್ಷತೆ ಇಟ್ಟು ಕೊಡಲು ಅರವತ್ತು ಕಾರ್ಡು, ಮಿಕ್ಕವರಿಗೆ ಫೋನು ಮಾಡಿ ವಾಟ್ಸಾಪಿನಲ್ಲಿ ಕಾರ್ಡು ಕಳಿಸಿದರೆ 12,000 ಇಳಿಯುತ್ತದೆ. ವೀಡಿಯೊ, ಆಲ್ಬಮ್ ಬಿಟ್ಟು ಬೆಳಗಿನ ಹೊತ್ತು ನಾಲ್ಕು ತಾಸಿನ ಮಟ್ಟಿಗೆ ಒಬ್ಬ ಫೋಟೋಗ್ರಾಫರ್ ಸಾಕೆಂದರೆ 20,000 ಇಳಿಯುತ್ತದೆ. ಎಲ್ಲ ಕೂಡಿ ನೋಡಿ: 45, 14, 9, 37, 15, 8, 12, 20 ಸಾವಿರ. ಸರಿಯಾಗಿ 1,60,000. ಖರ್ಚು 2,50,000ಕ್ಕೆ ಬಂದು ನಿಂತಿತು, ಹೋಮದ ಒಂದು ಸಮಿತ್ತೂ ಕಡಿಮೆಯಾಗಿಲ್ಲ.

ಕಡಿಮೆ ಮಾಡಬಾರದ್ದು

ಮನೆ ಕಟ್ಟಿದವರ ಮರ್ಯಾದೆಯ 15,000 ಹಾಗೇ ಇದೆ ಎಂಬುದನ್ನು ಗಮನಿಸಿರಬಹುದು. ಮೇಸ್ತ್ರಿ, ಗಾರೆಯವರು, ಬಡಗಿ, ಬಾರ್ ಬೆಂಡಿಂಗ್ ಮಾಡಿದವರು, ಎಲೆಕ್ಟ್ರಿಷಿಯನ್ ಇವರನ್ನು ಕರೆದು ಬಟ್ಟೆ ಕೊಟ್ಟು ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂರಿಸುವುದು ಈ ಕಾರ್ಯದ ಒಡಲಲ್ಲೇ ಇರುವ ಸಂಗತಿ. ಎಷ್ಟೋ ಮನೆಗಳಲ್ಲಿ ಪಟ್ಟಿ ಮಾಡುವಾಗ ಇವರು ಮರೆತೇಹೋಗಿ, ಹಿಂದಿನ ದಿನ ಅವಸರದಲ್ಲಿ ದುಬಾರಿ ಬೆಲೆಗೆ ಬಟ್ಟೆ ತರುತ್ತಾರೆ. ಅವರ ಕೂಲಿ ಬಾಕಿ ಬೇರೆ, ಈ ಮರ್ಯಾದೆ ಬೇರೆ. ಒಂದಕ್ಕೊಂದು ವಜಾ ಹಾಕಬಾರದು.

ಪೂಜೆಯ ಖರ್ಚು ಹೆಚ್ಚುವುದೂ ಕಡಿಮೆಯಾಗುವುದೂ ಹೋಮಗಳ ಸಂಖ್ಯೆಯಿಂದ. ಒಂದು ಹೋಮ ಸೇರಿದರೆ ಒಬ್ಬ ಋತ್ವಿಜರ ದಕ್ಷಿಣೆ, ವಸ್ತ್ರ, ತುಪ್ಪ, ಸಮಿತ್ತು, ಮುಕ್ಕಾಲು ಗಂಟೆ ಸೇರುತ್ತದೆ. ಆದ್ದರಿಂದ ದಕ್ಷಿಣೆಯಲ್ಲಿ ಚೌಕಾಸಿ ಮಾಡದೆ, ‘ನಮ್ಮ ಶಕ್ತಿ ಇಷ್ಟು, ಅವಶ್ಯವಾದದ್ದು ಯಾವುದು?’ ಎಂದು ಕೇಳಿ. ಯಥಾಶಕ್ತಿ ಎಂಬ ಮಾತು ಸಂಕಲ್ಪದಲ್ಲೇ ಇದೆ, ಪುರೋಹಿತರಿಗೆ ಅದು ಹೊಸದಲ್ಲ. ಸಾಮಗ್ರಿ ಪಟ್ಟಿಯಲ್ಲಿ ಅವರು ತರುವುದು ಯಾವುದು, ನಾವು ತರಬೇಕಾದ್ದು ಯಾವುದು ಎಂದು ಗುರುತು ಹಾಕಿಸಿಕೊಳ್ಳಿ, ಇಲ್ಲದಿದ್ದರೆ ನವಧಾನ್ಯ, ಕರ್ಪೂರ, ಜೇನುತುಪ್ಪ ಎರಡೆರಡು ಸಲ ಬರುತ್ತವೆ.

ಕುಡಿಯುವ ನೀರು, ಮೊಸರು, ವಿದ್ಯುತ್ ಸಂಪರ್ಕ ಇವುಗಳಲ್ಲೂ ಕೈ ಬಿಗಿ ಬೇಡ. ಹೊಸ ಮನೆಯ ಸಂಪಿನ ನೀರು ಸಿಮೆಂಟಿನ ವಾಸನೆ ಹೊಡೆಯುತ್ತಿರುತ್ತದೆ, ಅದು ಅಡುಗೆಗೆ ಬೇಡ. 20 ಲೀಟರಿನ ಕ್ಯಾನುಗಳನ್ನು ತರಿಸಿ ಲೋಟದಲ್ಲಿ ಕೊಡಿ. ಪುಟ್ಟ ಬಾಟಲಿಗಿಂತ ಅಗ್ಗ, ಅರ್ಧ ಕುಡಿದು ಎಸೆಯುವುದೂ ಇಲ್ಲ.

ಕಾರ್ಯದ ದಿನ

ಅಷ್ಟೆಲ್ಲ ಲೆಕ್ಕ ಹಾಕಿದ ಹಣ ಸೋರುವುದು ಆ ಒಂದೂವರೆ ದಿನದಲ್ಲಿ. ಯಜಮಾನರು ಹೋಮದ ಮುಂದೆ ಮಡಿಯಲ್ಲಿ ಕೂತಿರುತ್ತಾರೆ. ಗೋಪೂಜೆಗೆ ಹಸು ಕರು ತಂದವರು ಕೇಳುತ್ತಾರೆ, ವಾಲಗದವರು ಕೇಳುತ್ತಾರೆ, ಕ್ಯಾನಿನವರು ಬರುತ್ತಾರೆ. ಬಾವಮೈದ ತನ್ನ ಜೇಬಿನಿಂದ ಕೊಡುತ್ತಾನೆ, ಚಿಕ್ಕಪ್ಪನೂ ಕೊಡುತ್ತಾರೆ, ಯಾರಿಗೆ ಎಷ್ಟು ಹೋಯಿತೋ ಬರೆದವರಿಲ್ಲ, ಕೆಲವರಿಗೆ ಎರಡು ಸಲ ಹೋಗಿರುತ್ತದೆ. ಇದಕ್ಕೆಂದೇ ಪೂಜೆಗೆ ಕೂರದ ಒಬ್ಬರನ್ನು ಮೊದಲೇ ನೇಮಿಸಿ. ಹಿಂದಿನ ದಿನವೇ ಕವರುಗಳ ಮೇಲೆ ಹೆಸರು, ಮೊತ್ತ ಬರೆದು ಹಣ ಹಾಕಿ ಅವರ ಕೈಗೆ ಕೊಡಿ. ಕೈಗಂಟಿನ 28,000ವೂ ಅವರಲ್ಲೇ ಇರಲಿ, ಅದರಿಂದ ಖರ್ಚಾದದ್ದನ್ನು ಒಂದು ಪುಟದಲ್ಲಿ ಬರೆಯಲಿ. ಬೇರೆ ಯಾರೂ ಜೇಬಿಗೆ ಕೈಹಾಕಬಾರದೆಂದು ಮನೆಯವರಿಗೆಲ್ಲ ತಿಳಿದಿರಬೇಕು.

ಉಪನ್ಯಾಸದ ಕೊನೆಗೆ ಮೂರು ಪ್ರಶ್ನೆಗಳು ಬಂದವು. ಒಬ್ಬರು ತಾಯಿ ಕೇಳಿದರು: ‘ಚೀಟಿ ಎತ್ತಿದರೆ ಸಾಲ ಅಲ್ವಲ್ಲ?’ ಕೊನೆಯ ತಿಂಗಳುಗಳಲ್ಲಿ ಎತ್ತಿದರೆ ಅಲ್ಲಮ್ಮಾ, ಅದು ನೀವೇ ಕಟ್ಟಿದ ಹಣ. ಇಪ್ಪತ್ತು ತಿಂಗಳ ಎರಡು ಲಕ್ಷದ ಚೀಟಿಯನ್ನು ಎರಡನೇ ತಿಂಗಳಲ್ಲೇ ಐವತ್ತು ಸಾವಿರ ಬಿಟ್ಟು ಕೂಗಿದರೆ ಕೈಗೆ ಒಂದೂವರೆ ಲಕ್ಷ ಬರುತ್ತದೆ, ಮುಂದಿನ ಹದಿನೆಂಟು ತಿಂಗಳು ಕಂತು ಕಟ್ಟಬೇಕು. ತಿಂಗಳು ತಿಂಗಳು ಲಾಭದ ಪಾಲು ಕಳೆದರೂ ಅದು ಬಡ್ಡಿ ಕೊಟ್ಟ ಸಾಲವೇ.

ಇನ್ನೊಬ್ಬರು, ಮಿತಿಯೇ ಎಂಬತ್ತು ಸಾವಿರ ಬಂದರೆ ಏನು ಮಾಡುವುದು ಎಂದರು. ಮುಹೂರ್ತ ಇರುವುದು ಪ್ರವೇಶಕ್ಕೆ, ಊಟಕ್ಕಲ್ಲ. ಆ ದಿನ ಮನೆಯವರು, ಒಡಹುಟ್ಟಿದವರು, ಮನೆ ಕಟ್ಟಿದವರು ಸೇರಿ ಅರವತ್ತು ಎಲೆಯೊಳಗೆ ವಾಸ್ತು ಹೋಮ ಮಾಡಿ ಹಾಲು ಉಕ್ಕಿಸಿ ಒಳಗೆ ಹೋಗಿ. ಬಾಡಿಗೆ ನಿಲ್ಲುತ್ತದೆ. ಆ ಬಾಡಿಗೆಯ ಹಣವನ್ನೇ ಆರೆಂಟು ತಿಂಗಳು ಕೂಡಿಟ್ಟು, ಲಗ್ನಗಳ ಗಲಾಟೆ ಇಲ್ಲದ ದಿನ ನೋಡಿ, ಸತ್ಯನಾರಾಯಣ ಪೂಜೆ ಇಟ್ಟು ಎಲ್ಲರನ್ನೂ ಊಟಕ್ಕೆ ಕರೆಯಿರಿ. ಅಂಥ ದಿನ ಹೂವು, ಬಾಳೆ ಎಲೆ, ಶಾಮಿಯಾನ, ಅಡುಗೆಯವರು ಎಲ್ಲದರ ದರವೂ ಇಳಿದಿರುತ್ತದೆ.

ಮೂರನೆಯವರು ಕೇಳಿದ್ದು ಕಾರ್ಯ ಮುಗಿದ ಮೇಲಿನ ಲೆಕ್ಕದ ಬಗ್ಗೆ. ‘ಆಮೇಲೆ ಕೊಡಿ ಸಾರ್’ ಎಂದು ಶಾಮಿಯಾನದವರು ಹೇಳಿದರೂ ಮೂರನೇ ದಿನದೊಳಗೆ ಎಲ್ಲರ ಬಾಕಿ ತೀರಿಸಿ, ತಿಂಗಳು ಕಳೆದರೆ ಒಡೆದ ಕುರ್ಚಿ, ಕಳೆದ ಸೌಟುಗಳ ಲೆಕ್ಕ ಬೆಳೆಯುತ್ತದೆ. ಒಡೆಯದ ದಿನಸಿ ಮೂಟೆ, ಎಣ್ಣೆ ಟಿನ್ನು ಅಂಗಡಿಗೆ ವಾಪಸು ಹೋಗಬೇಕು. ವಾಪಸು ತೆಗೆದುಕೊಳ್ಳುತ್ತೀರಾ ಎಂದು ಕೊಳ್ಳುವ ದಿನವೇ ಕೇಳಿರಿ. ಮುಯ್ಯಿಯನ್ನು ಅದೇ ರಾತ್ರಿ ಇಬ್ಬರು ಕೂತು ಎಣಿಸಿ, ಹೆಸರು, ಊರು, ಮೊತ್ತ ಅಥವಾ ವಸ್ತು ಎಂದು ಪುಸ್ತಕದಲ್ಲಿ ಬರೆದು, ಹಣವನ್ನು ಬೆಳಿಗ್ಗೆ ಆ ಎರಡನೇ ಖಾತೆಗೇ ಕಟ್ಟಿ. ಮುಂದಿನ ವರ್ಷ ಆ ಮನೆಗಳಲ್ಲಿ ಮದುವೆ, ನಾಮಕರಣ ಬಂದಾಗ ಅಲ್ಲಿಂದಲೇ ತೆಗೆದು ಕೊಡಬಹುದು.